ಕಾಲಿಗೆ ಬೀದಿನಾಯಿ ಕಚ್ಚಿದರೆ, ಪರಚಿದರೆ: ಮೊದಲ 15 ನಿಮಿಷದಿಂದ ಕೊನೆಯ ಇಂಜೆಕ್ಷನ್‌ವರೆಗೆ

ಒಂದು ಮಂಗಳವಾರ ಸಂಜೆ ಏಳು ಗಂಟೆ ಹೊತ್ತಿಗೆ ಹುಡುಗನೊಬ್ಬ ಕುಂಟುತ್ತಾ ನಮ್ಮ ಇಂಜೆಕ್ಷನ್ ರೂಮಿಗೆ ಬಂದ. "ಸಿಸ್ಟರ್, ನಾಯಿ ಕಚ್ಚಿದ್ದು ಪ್ಯಾಂಟ್ ಮೇಲೆ. ಏನೂ ಆಗಿಲ್ಲ. ಅಮ್ಮ ಬೈದ್ರು ಅಂತ ಬಂದೆ" ಅಂದ. ತೆಳ್ಳನೆ ಟ್ರ್ಯಾಕ್ ಪ್ಯಾಂಟ್ ಹಾಕಿದ್ದ. ದೀಪದ ಕೆಳಗೆ ಹಿಡಿದು ನೋಡಿದರೆ ಬಟ್ಟೆಯಲ್ಲಿ ಸೂಜಿ ಚುಚ್ಚಿದಷ್ಟೇ ಎರಡು ತೂತು. ಪ್ಯಾಂಟ್ ಮೇಲಕ್ಕೆ ಸರಿಸಿದರೆ ಮೀನಖಂಡದ ಮೇಲೆ ಎರಡು ಕೆಂಪು ಚುಕ್ಕೆ. ಒಂದರಲ್ಲಿ ರಕ್ತ ಒಣಗಿ ಸಾಸಿವೆ ಕಾಳಿನಷ್ಟು ಕಪ್ಪಗೆ ಕೂತಿತ್ತು. ಪಕ್ಕದಲ್ಲಿ ಉಗುರಿನ ಉದ್ದ ಗೀರು, ಅದರಲ್ಲಿ ರಕ್ತ ಇರಲಿಲ್ಲ.

ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಎಂದರೆ "ಏನೂ ಆಗಿಲ್ಲ". ದೊಡ್ಡ ಗಾಯ ಆದವರು ಹೇಗೂ ಓಡಿ ಬರುತ್ತಾರೆ. ಕಾಲಿನ ಮೇಲೆ ಚುಕ್ಕೆಯಷ್ಟು ಗಾಯ ಆದವರು ಮನೆಯಲ್ಲೇ ಉಳಿದುಬಿಡುತ್ತಾರೆ. ನನಗೆ ಭಯ ಆಗುವುದು ಅವರ ಬಗ್ಗೆ. ಅದಕ್ಕೇ ಈ ಹುಡುಗನ ಗಾಯವನ್ನೇ ಮುಂದಿಟ್ಟುಕೊಂಡು, ಏನು ಮಾಡಬೇಕು, ಯಾಕೆ ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ

"ತೊಳೆದ್ಯಾ?" ಅಂತ ಕೇಳಿದೆ. "ಹ್ಞೂ, ಒಂದ್ಸಲ ನೀರು ಹಾಕ್ಕೊಂಡೆ" ಅಂದ. ಅದು ತೊಳೆದ ಹಾಗಲ್ಲ. ಅವನನ್ನು ಸೀದಾ ನಲ್ಲಿಯ ಹತ್ತಿರ ಕರೆದುಕೊಂಡು ಹೋದೆವು.

ನಾಯಿಯಿಂದ ದೂರ ಬಂದ ಕೂಡಲೇ ಗಾಯದ ಮೇಲಿನ ಬಟ್ಟೆ ತೆಗೆಯಿರಿ. ಪ್ಯಾಂಟ್, ಸಾಕ್ಸ್ ಎಲ್ಲವೂ ಹೋಗಲಿ, ಅದರ ಮೇಲೆ ಜೊಲ್ಲು ಮೆತ್ತಿರುತ್ತದೆ. ಕಾಲನ್ನು ನಲ್ಲಿಯ ಕೆಳಗೆ ಇಡಿ. ನೀರು ಗಾಯದ ಮೇಲೆ ಬಿದ್ದು ಕೆಳಗೆ ಹರಿದುಹೋಗಬೇಕು. ಬಕೆಟ್ಟಿನಲ್ಲಿ ಕಾಲು ಮುಳುಗಿಸಿ ಕೂರಬೇಡಿ. ಸೋಪು ಹಚ್ಚಿ, ನೊರೆ ಬರಿಸಿ, ಬೆರಳ ತುದಿಯಿಂದ ಗಾಯದ ಸುತ್ತ ಮತ್ತು ಗಾಯದ ಒಳಗೆ ಮೆತ್ತಗೆ ಉಜ್ಜಿ, ತೊಳೆಯಿರಿ. ಮತ್ತೆ ಸೋಪು, ಮತ್ತೆ ನೀರು. ಹೀಗೆ ಪೂರ್ತಿ 15 ನಿಮಿಷ. ಮೈಸೋಪು, ಬಟ್ಟೆ ಸೋಪು, ಪಾತ್ರೆ ಸೋಪು, ಯಾವುದು ಕೈಗೆ ಸಿಕ್ಕರೂ ಸರಿ. ಔಷಧಿ ಸೋಪೇ ಬೇಕು ಅಂತ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಹದಿನೈದು ನಿಮಿಷ ಅಂದಾಗ ಎಲ್ಲರೂ ತಲೆ ಆಡಿಸುತ್ತಾರೆ, ಆದರೆ ಮೂರನೇ ನಿಮಿಷಕ್ಕೇ ಕಾಲು ತೆಗೆಯುತ್ತಾರೆ. ನೋವಿರುತ್ತದೆ, ಗಾಬರಿ ಇರುತ್ತದೆ, ಸಾಕು ಅನ್ನಿಸಿಬಿಡುತ್ತದೆ. ಮೊಬೈಲ್‌ನಲ್ಲಿ ಟೈಮರ್ ಇಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರ ಕೈಗೆ ಗಡಿಯಾರ ಕೊಡಿ. ನಲ್ಲಿ ಇಲ್ಲದಿದ್ದರೆ ಮಗ್ಗಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿಯಲಿ.

ಇಷ್ಟು ಹೊತ್ತು ಯಾಕೆ? ರೇಬೀಸ್ ವೈರಸ್ ಇರುವುದು ನಾಯಿಯ ಜೊಲ್ಲಿನಲ್ಲಿ. ಆ ವೈರಸ್‌ಗೆ ಹೊರಗಡೆ ಕೊಬ್ಬಿನ ಒಂದು ಪೊರೆ ಇದೆ. ತಟ್ಟೆಯ ಮೇಲಿನ ಎಣ್ಣೆ ಜಿಡ್ಡನ್ನು ಸೋಪು ಹೇಗೆ ಬಿಡಿಸುತ್ತದೋ, ಹಾಗೇ ಈ ಪೊರೆಯನ್ನೂ ಒಡೆದುಹಾಕುತ್ತದೆ. ಪೊರೆ ಹೋದ ವೈರಸ್‌ಗೆ ನಮ್ಮ ಜೀವಕೋಶದೊಳಗೆ ಹೋಗುವ ಶಕ್ತಿ ಇರುವುದಿಲ್ಲ. ಸೋಪು ಮುಟ್ಟಿದಲ್ಲಿ ಮಾತ್ರ ಈ ಕೆಲಸ ಆಗುತ್ತದೆ. ಹಲ್ಲು ಚುಚ್ಚಿದ ಗಾಯ ಬಾಯಿ ಸಣ್ಣದು, ಒಳಗೆ ಆಳ. ಎರಡು ಬೆರಳಿನಿಂದ ಅಂಚನ್ನು ಸ್ವಲ್ಪ ಅಗಲಿಸಿ, ನೀರು ಒಳಗೆ ಹೋಗುವ ಹಾಗೆ ಹಿಡಿಯಬೇಕು. ಹುಡುಗ ಆಗ ಹಲ್ಲು ಕಚ್ಚಿಕೊಂಡು "ಉರೀತಿದೆ" ಅಂದ. ಉರಿಯಲಿ. ಆ ಉರಿಯೇ ಚರ್ಮ ಒಡೆದಿದೆ ಅಂತ ಹೇಳುತ್ತಿತ್ತು.

ಬ್ರಷ್ ಹಾಕಿ ಗಸಗಸ ಉಜ್ಜಬೇಡಿ. ಒಳಗಿನ ಮಾಂಸ ಕಿತ್ತು ಹೊಸ ಗಾಯ ಆಗುತ್ತದೆ. ತೊಳೆದಾದ ಮೇಲೆ ಸ್ವಚ್ಛ ಬಟ್ಟೆಯಿಂದ ಒತ್ತಿ ಒರೆಸಿ, ಪೋವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಅದು ಇಲ್ಲದಿದ್ದರೆ ಸ್ಪಿರಿಟ್ ಆಗುತ್ತದೆ. ಅಷ್ಟೇ, ಬೇರೇನೂ ಬೇಡ. ಖಾರದ ಪುಡಿ, ಸುಣ್ಣ, ಎಣ್ಣೆ, ಸೊಪ್ಪಿನ ರಸ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ಅದನ್ನೆಲ್ಲ ತೆಗೆಯುವಷ್ಟರಲ್ಲಿ ಅವರಿಗೆ ಕಣ್ಣಲ್ಲಿ ನೀರು, ನಮಗೆ ಗಾಯದ ಆಳವೇ ಕಾಣುವುದಿಲ್ಲ. ಚರ್ಮ ಕೆರಳಿದರೆ ವೈರಸ್ ಇನ್ನೂ ಒಳಕ್ಕೆ ಹೋಗಲು ದಾರಿ ಮಾಡಿಕೊಟ್ಟ ಹಾಗೆ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ರಕ್ತ ಜೋರಾಗಿ ಹರಿಯುತ್ತಿದ್ದರೆ ಮಾತ್ರ ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಬೇಗ ಹೊರಡಿ.

ಕಚ್ಚಿ ನಾಲ್ಕು ಗಂಟೆ ಆಯ್ತು, ನಿನ್ನೆಯೇ ಆಯ್ತು ಅಂದರೂ ತೊಳೆಯಿರಿ. ತಡವಾಯಿತು ಅಂತ ಬಿಡುವುದಕ್ಕಿಂತ ತಡವಾಗಿಯಾದರೂ ತೊಳೆಯುವುದು ಮೇಲು.

ಗಾಯ ಎಂಥದ್ದು ಅಂತ ನೋಡುವುದು

ಗಾಯ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಚರ್ಮ ಒಡೆದಿದೆಯಾ ಅನ್ನುವುದೇ ಇಲ್ಲಿ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮೂರು ವರ್ಗ ಮಾಡಿದೆ. ನಾಯಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೇ ವರ್ಗ. ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಗೀರು, ಬರಿ ಚರ್ಮವನ್ನು ಮೆಲ್ಲಗೆ ಕಚ್ಚಿದ್ದು ಎರಡನೇ ವರ್ಗ. ಇದಕ್ಕೆ ಲಸಿಕೆ ಬೇಕು. ಹಲ್ಲು ಅಥವಾ ಉಗುರು ಚರ್ಮ ದಾಟಿ ಒಳಗೆ ಹೋಗಿದ್ದು, ರಕ್ತ ಬಂದದ್ದು, ಮೊದಲೇ ಇದ್ದ ಗಾಯವನ್ನು ನಾಯಿ ನೆಕ್ಕಿದ್ದು ಮೂರನೇ ವರ್ಗ. ಇದಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಇನ್ನೊಂದು ಔಷಧಿಯೂ ಬೇಕು.

ಒಂದೇ ಒಂದು ಹನಿ ರಕ್ತ ಬಂದಿದ್ದರೂ ಮೂರನೇ ವರ್ಗವೇ. ಆ ಹುಡುಗನ ಗೀರು ಮಾತ್ರ ಇದ್ದಿದ್ದರೆ ಎರಡನೇ ವರ್ಗ ಅನ್ನುತ್ತಿದ್ದೆವು. ಸಾಸಿವೆ ಕಾಳಿನಷ್ಟು ಒಣಗಿದ ರಕ್ತ ಅವನನ್ನು ಮೂರನೇ ವರ್ಗಕ್ಕೆ ತಂದಿತು.

ಉಗುರು ಪರಚಿದರೆ ರೇಬೀಸ್ ಹೇಗೆ ಬರುತ್ತೆ ಅಂತ ಬಹಳ ಜನ ಕೇಳುತ್ತಾರೆ. ನಾಯಿ ತನ್ನ ಪಂಜವನ್ನು ನೆಕ್ಕುತ್ತಲೇ ಇರುತ್ತದೆ, ಅಲ್ವಾ? ಆ ಜೊಲ್ಲು ಉಗುರಿನಲ್ಲಿ ಇರಬಹುದು. ಮೇಲೆ ಹಾರಿದ ನಾಯಿಯ ಬಾಯಿಂದ ಗೀರಿನ ಮೇಲೂ ಜೊಲ್ಲು ಬೀಳಬಹುದು. ಕತ್ತಲಲ್ಲಿ, ಗಾಬರಿಯಲ್ಲಿ ತಗುಲಿದ್ದು ಹಲ್ಲೋ ಉಗುರೋ ಅಂತ ಹೇಳುವುದೂ ಕಷ್ಟ.

ಕಾಲಿನ ಹಿಂಭಾಗ ನಮಗೇ ಸರಿಯಾಗಿ ಕಾಣುವುದಿಲ್ಲ. ಬೇರೆಯವರ ಹತ್ತಿರ ನೋಡಿಸಿ, ಇಲ್ಲವೇ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮಂಡಿಯ ಹಿಂದೆ, ಹಿಮ್ಮಡಿಯ ಮೇಲೆ, ಪಾದದ ಗಂಟಿನ ಸುತ್ತ ಎಲ್ಲವನ್ನೂ ನೋಡಬೇಕು. ನಾಯಿ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಹಲ್ಲು ತಾಗಿಸಿರುತ್ತದೆ. ಒಂದು ಗಾಯ ಬಿಟ್ಟುಹೋದರೆ ಅದನ್ನು ತೊಳೆದಿರುವುದಿಲ್ಲ, ಔಷಧಿಯನ್ನೂ ಹಾಕಿರುವುದಿಲ್ಲ.

ಇದು ಓಟದ ಪಂದ್ಯ

ಲಸಿಕೆಯ ದಿನಗಳು ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ವೈರಸ್ ಒಳಗೆ ಏನು ಮಾಡುತ್ತದೆ ಅಂತ ತಿಳಿಯಬೇಕು.

ಅದು ರಕ್ತದಲ್ಲಿ ಹೋಗುವುದಿಲ್ಲ. ಗಾಯದ ಹತ್ತಿರದ ಮಾಂಸದಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ, ಆಮೇಲೆ ಪಕ್ಕದ ನರದ ತುದಿಯನ್ನು ಹಿಡಿಯುತ್ತದೆ. ನರದ ಒಳಗೇ ಮೆಲ್ಲಗೆ ಮೇಲಕ್ಕೆ ಹೋಗುತ್ತದೆ. ಬೆನ್ನುಹುರಿ, ಅಲ್ಲಿಂದ ಮೆದುಳು. ಮಾಂಸದಲ್ಲಿ ಇರುವವರೆಗೂ ನಮ್ಮ ದೇಹದ ಪ್ರತಿಕಾಯಗಳು ಅದನ್ನು ಹಿಡಿದು ನಾಶ ಮಾಡಬಹುದು. ನರದೊಳಗೆ ಹೊಕ್ಕ ಮೇಲೆ ಹಿಡಿಯುವುದು ಬಹಳ ಕಷ್ಟ. ಮೆದುಳು ತಲುಪಿ, ನೀರು ಕಂಡರೆ ಗಂಟಲು ಬಿಗಿಯುವ ಲಕ್ಷಣ ಶುರುವಾದರೆ, ಹೆಚ್ಚು ಕಡಿಮೆ ಯಾರೂ ಬದುಕುವುದಿಲ್ಲ.

ಕಚ್ಚಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಒಂದು ವಾರದಲ್ಲೇ ಬಂದದ್ದೂ ಇದೆ, ಒಂದು ವರ್ಷ ತೆಗೆದುಕೊಂಡದ್ದೂ ಇದೆ. ಮುಖ, ತಲೆ, ಕೈಬೆರಳಿಗೆ ಕಚ್ಚಿದರೆ ದಾರಿ ಹತ್ತಿರ, ನರಗಳೂ ಜಾಸ್ತಿ. ಕಾಲಿನಿಂದ ದಾರಿ ದೂರ. ಇದನ್ನು ಕೇಳಿದ ಕೆಲವರು "ಹಾಗಾದ್ರೆ ನಾಳೆ ನಾಡಿದ್ದು ಹೋದ್ರಾಯ್ತು" ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಲೆಕ್ಕ ಹಾಕಬೇಡಿ. ವೈರಸ್ ಯಾವ ಕ್ಷಣದಲ್ಲಿ ನರದೊಳಗೆ ಹೋಗುತ್ತದೆ ಅಂತ ಹೊರಗಿನಿಂದ ಯಾರೂ ಹೇಳಲಾರರು. ಕಾಲಿನ ದೂರ ಕೊಡುವ ಸಮಯ ಲಸಿಕೆ ಕೆಲಸ ಮಾಡುವುದಕ್ಕೆ ಬೇಕಾದ ಸಮಯ. ನಾವು ಮನೆಯಲ್ಲಿ ಕೂತು ಕಳೆಯುವುದಕ್ಕಲ್ಲ.

ಕಚ್ಚಿದ ಮೇಲೆ ಹಾಕಿದರೂ ಲಸಿಕೆ ಕೆಲಸ ಮಾಡುವುದು ವೈರಸ್‌ನ ಈ ನಿಧಾನದಿಂದಲೇ. 1885ರ ಜುಲೈನಲ್ಲಿ ಲೂಯಿ ಪಾಶ್ಚರ್ ಅವರ ಬಳಿಗೆ ಜೋಸೆಫ್ ಮೈಸ್ಟರ್ ಅನ್ನುವ ಒಂಬತ್ತು ವರ್ಷದ ಹುಡುಗನನ್ನು ತಂದಾಗ, ನಾಯಿ ಕಚ್ಚಿ ಎರಡು ದಿನ ಆಗಿತ್ತು. ದಿನ ದಿನವೂ ಕೊಟ್ಟ 13 ಇಂಜೆಕ್ಷನ್ ಆದ ಮೇಲೆ ಅವನು ಉಳಿದ. ಆಮೇಲೆ ಬಹಳ ಕಾಲ ಪ್ರಾಣಿಗಳ ಮೆದುಳಿನ ಅಂಶದಿಂದ ಮಾಡಿದ ಲಸಿಕೆ ಇತ್ತು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಅಂತ ಹಿರಿಯರು ಹೇಳುವುದು ಅದನ್ನೇ. ಈಗಿನ ಲಸಿಕೆ ತೋಳಿಗೆ ಹಾಕುವಂಥದ್ದು, ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶದಿಂದ ಮಾಡಿದ್ದು. ಹೊಟ್ಟೆ ಇಂಜೆಕ್ಷನ್ ಭಯದಿಂದ ಇನ್ನೂ ಯಾರಾದರೂ ಮನೆಯಲ್ಲಿ ಕೂತಿದ್ದರೆ ಅವರಿಗೆ ಇದನ್ನು ಹೇಳಿ.

ಮೊದಲ ದಿನ ಎರಡು ಔಷಧಿ

ಲಸಿಕೆ ಹಾಕಿದ ತಕ್ಷಣ ರಕ್ಷಣೆ ಸಿಗುವುದಿಲ್ಲ. ವೈರಸ್‌ನ ಗುರುತು ಹಿಡಿದು ದೇಹ ತಾನೇ ಪ್ರತಿಕಾಯ ಮಾಡಿಕೊಳ್ಳಲು ಸುಮಾರು ಒಂದರಿಂದ ಎರಡು ವಾರ ಬೇಕು. ಮೂರನೇ ವರ್ಗದ ಗಾಯದಲ್ಲಿ ಈ ನಡುವಿನ ದಿನಗಳೇ ಅಪಾಯದವು. ಆಗ ಕಾಯುವುದು ಇಮ್ಯುನೋಗ್ಲೋಬ್ಯುಲಿನ್. ಅದು ಬೇರೆ ಮನುಷ್ಯರ ಅಥವಾ ಕುದುರೆಯ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ. ಹಾಕಿದ ಗಳಿಗೆಯಿಂದಲೇ ಕೆಲಸ ಮಾಡುತ್ತದೆ.

ಅದನ್ನು ತೋಳಿಗೆ ಹಾಕಿದರೆ ಪ್ರಯೋಜನ ಕಡಿಮೆ. ವೈರಸ್ ಕೂತಿರುವುದು ಕಾಲಿನ ಗಾಯದಲ್ಲಿ. ಆದ್ದರಿಂದ ಗಾಯದ ಒಳಗೆ, ಸುತ್ತಲೂ ಸೂಜಿಯಿಂದ ತುಂಬುತ್ತಾರೆ. ಎಲ್ಲ ಗಾಯಕ್ಕೂ ಹಾಕಬೇಕು. ಎಷ್ಟು ಅನ್ನುವುದು ತೂಕದ ಮೇಲೆ. ಮನುಷ್ಯರದ್ದಾದರೆ ಕಿಲೋಗೆ 20 ಯೂನಿಟ್, ಕುದುರೆಯದ್ದಾದರೆ 40 ಯೂನಿಟ್, ಅದಕ್ಕಿಂತ ಹೆಚ್ಚು ಹಾಕುವಂತಿಲ್ಲ. ನಮ್ಮ ಹುಡುಗ 60 ಕಿಲೋ ಇದ್ದ. ಕುದುರೆಯದ್ದರಲ್ಲಿ ಅವನಿಗೆ 2400 ಯೂನಿಟ್‌ವರೆಗೆ ಕೊಡಬಹುದಿತ್ತು. ಎರಡು ಚುಕ್ಕೆ, ಒಂದು ಗೀರಿಗೆ ಅಷ್ಟೆಲ್ಲ ಹಿಡಿಯಲಿಲ್ಲ. ಗಾಯ ಎಷ್ಟು ಹಿಡಿಯಿತೋ ಅಷ್ಟು ಹಾಕಿದರು. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅವನು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಐದು ನಿಮಿಷದಲ್ಲಿ ಮುಗಿಯಿತು.

ನಿಮಗೆ ರಕ್ತ ಬಂದಿದ್ದರೆ, ಲಸಿಕೆ ಮಾತ್ರ ಹಾಕಿ ಕಳಿಸಿದರೆ, "ಗಾಯಕ್ಕೆ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಬೇಡವೇ?" ಅಂತ ಬಾಯಿಬಿಟ್ಟು ಕೇಳಿ. ಅಲ್ಲಿ ಸಿಗದಿದ್ದರೆ ಲಸಿಕೆಯನ್ನು ಅಲ್ಲೇ ಶುರು ಮಾಡಿಸಿ, ಇದನ್ನು ಬೇರೆ ಕಡೆ ಹಾಕಿಸಿಕೊಳ್ಳಿ. ಮೊದಲ ಲಸಿಕೆಯಿಂದ ಏಳು ದಿನದೊಳಗೆ ಹಾಕಬಹುದು, ಬೇಗ ಆದಷ್ಟೂ ಒಳ್ಳೆಯದು. ಏಳು ದಿನ ದಾಟಿದರೆ ದೇಹವೇ ಪ್ರತಿಕಾಯ ಮಾಡಲು ಶುರು ಮಾಡಿರುತ್ತದೆ, ಹೊರಗಿನದ್ದು ಆ ಕೆಲಸಕ್ಕೆ ಅಡ್ಡ ಬರುತ್ತದೆ.

ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು "ನಾಯಿ ಕಚ್ಚಿದ್ದಕ್ಕೆ ಇಂಜೆಕ್ಷನ್ ಆಯ್ತು" ಅಂತ ಮನೆಗೆ ಹೋಗುವವರಿದ್ದಾರೆ. ಅದು ಧನುರ್ವಾಯುವಿಗೆ. ರೇಬೀಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಹೊಲಿಗೆಯನ್ನೂ ಸಾಧ್ಯವಾದಷ್ಟು ಹಾಕುವುದಿಲ್ಲ. ಸೂಜಿ ಹೋದಲ್ಲೆಲ್ಲ ವೈರಸ್ ಇನ್ನೂ ಒಳಗೆ ಹೋಗಬಹುದು. ಹಾಕಲೇಬೇಕಾದರೆ ಇಮ್ಯುನೋಗ್ಲೋಬ್ಯುಲಿನ್ ಆದ ಮೇಲೆ.

ದಿನ ಎಣಿಸುವುದು

ಮೊದಲ ಲಸಿಕೆ ಹಾಕಿದ ದಿನವೇ ಸೊನ್ನೆಯ ದಿನ. ನಾಯಿ ಕಚ್ಚಿದ ದಿನವನ್ನು ಎಣಿಕೆಗೆ ಹಿಡಿಯುವುದಿಲ್ಲ. ಜನ ಎಡವುವುದು ಇಲ್ಲೇ. ಸೊನ್ನೆಯನ್ನು ಒಂದು ಅಂತ ಎಣಿಸಿ ಒಂದು ದಿನ ಮುಂಚೆ ಬಂದುಬಿಡುತ್ತಾರೆ.

ಚರ್ಮದ ಪದರದೊಳಗೆ ಹಾಕುವ ವಿಧಾನದಲ್ಲಿ 0, 3, 7, 28ನೇ ದಿನ, ಪ್ರತಿ ಸಲ ಎರಡು ತೋಳಿಗೆ 0.1 ಮಿಲಿಲೀಟರ್‌ನಂತೆ. ಕೆಲವು ಕಡೆ ಇದನ್ನು ಏಳನೇ ದಿನಕ್ಕೇ ಮುಗಿಸುವ ಕ್ರಮವೂ ಇದೆ. ಮಾಂಸಕ್ಕೆ ಹಾಕುವ ವಿಧಾನದಲ್ಲಿ 0, 3, 7, 14, 28, ಪ್ರತಿ ಸಲ ಒಂದು ಇಂಜೆಕ್ಷನ್. ನಾಲ್ಕಕ್ಕೇ ಮುಗಿಸುವ ಕ್ರಮವೂ ಉಂಟು. ಎರಡು ವಿಧಾನವೂ ಸರಿಯೇ. ನೆರೆಮನೆಯವರಿಗೆ ಐದು ಹಾಕಿದ್ದರು, ನನಗೆ ನಾಲ್ಕೇ ಯಾಕೆ ಅಂತ ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಕಾರ್ಡಿನಲ್ಲಿ ಬರೆದದ್ದನ್ನು ಪಾಲಿಸಿ.

ಚರ್ಮದೊಳಗೆ ಸರಿಯಾಗಿ ಬಿದ್ದಿದೆಯಾ ಅಂತ ನೀವೇ ನೋಡಬಹುದು. ಸೂಜಿ ತೆಗೆದ ಕೂಡಲೇ ಅಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳ್ಳೆ ಏಳಬೇಕು. ಏಳದಿದ್ದರೆ ಔಷಧಿ ಆಳಕ್ಕೆ ಹೋಗಿದೆ ಅಂತ. ಆಗ ಪಕ್ಕದಲ್ಲಿ ಇನ್ನೊಮ್ಮೆ ಹಾಕಬೇಕಾಗುತ್ತದೆ. ಮಾಂಸಕ್ಕೆ ಹಾಕುವುದಾದರೆ ಜಾಗ ತೋಳಿನ ಮೇಲ್ಭಾಗ, ಪುಟ್ಟ ಮಕ್ಕಳಿಗೆ ತೊಡೆಯ ಹೊರಭಾಗ. ಕುಂಡಿಗೆ ಹಾಕಿಸಿಕೊಳ್ಳಲೇಬೇಡಿ. ಅಲ್ಲಿ ಕೊಬ್ಬು ಜಾಸ್ತಿ, ಲಸಿಕೆ ಸರಿಯಾಗಿ ಹತ್ತುವುದಿಲ್ಲ.

ಈ ಅಂತರಕ್ಕೆ ಕಾರಣ ಇದೆ. ಮೊದಲ ಡೋಸ್ ದೇಹಕ್ಕೆ ಶತ್ರುವಿನ ಗುರುತು ತೋರಿಸುತ್ತದೆ. ಮೂರನೇ ಮತ್ತು ಏಳನೇ ದಿನದ್ದು, ಇನ್ನೂ ಪ್ರತಿಕಾಯ ಕಡಿಮೆ ಇರುವಾಗಲೇ ಆ ಕೆಲಸವನ್ನು ಜೋರು ಮಾಡುತ್ತದೆ. ಕೊನೆಯದ್ದು, ಮಾಡಿಕೊಂಡ ರಕ್ಷಣೆ ಬೇಗ ಇಳಿಯದೆ ಬಹಳ ಕಾಲ ಉಳಿಯುವ ಹಾಗೆ ನೋಡಿಕೊಳ್ಳುತ್ತದೆ. ಮೊದಲ ಮೂರನ್ನು ತಪ್ಪಿಸಿದರೆ ಓಟದಲ್ಲಿ ನಾವೇ ನಿಂತ ಹಾಗೆ. ಗಾಯ ಒಣಗಿತು, ನೋವು ಹೋಯಿತು ಅಂತ ನಿಲ್ಲಿಸುವವರು ಜಾಸ್ತಿ. ಚರ್ಮ ಮುಚ್ಚಿಕೊಂಡದ್ದಕ್ಕೂ ವೈರಸ್ ಸತ್ತದ್ದಕ್ಕೂ ಯಾವ ಸಂಬಂಧವೂ ಇಲ್ಲ.

ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಎಲ್ಲರೂ ಹಾಕಿಸಿಕೊಳ್ಳಬೇಕು. ರೋಗನಿರೋಧಕ ಶಕ್ತಿ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಅಂಥವರಿಗೆ ಕ್ರಮ ಬದಲಾಗುತ್ತದೆ.

ನಾಯಿಯ ಮೇಲೆ ಕಣ್ಣಿಡುವುದು

ಜೊಲ್ಲಿನಲ್ಲಿ ವೈರಸ್ ಬರುವ ಹಂತಕ್ಕೆ ತಲುಪಿದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಆದ್ದರಿಂದ ಹತ್ತು ದಿನ ಆದ ಮೇಲೂ ನಾಯಿ ಆರಾಮಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅಂತ ಅರ್ಥ. ಮುಂದಿನ ಡೋಸ್‌ಗಳ ಬಗ್ಗೆ ಆಗ ಡಾಕ್ಟರ್ ತೀರ್ಮಾನ ಮಾಡಬಹುದು. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಶುರು ಮಾಡೋಣ ಅನ್ನುವುದು ತಪ್ಪು. ಲಸಿಕೆ ಅವತ್ತೇ ಶುರುವಾಗಬೇಕು, ನಾಯಿಯನ್ನು ನೋಡುವುದು ಅದರ ಜೊತೆ ಜೊತೆಗೆ.

"ಅದು ನಮ್ಮ ಬೀದಿಯದ್ದೇ, ದಿನಾ ನೋಡ್ತೀವಿ" ಅಂತ ಹುಡುಗ ಹೇಳಿದ್ದ. ಐದನೇ ದಿನದಿಂದ ನಾಯಿ ಕಾಣಲಿಲ್ಲ. ಸತ್ತಿತೋ, ಬೇರೆ ಕಡೆ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ಬೀದಿನಾಯಿಯ ವಿಷಯದಲ್ಲಿ ಹೀಗೇ ಆಗುತ್ತದೆ. ಅದಕ್ಕೆ ಲಸಿಕೆ ಹಾಕಿದ್ದಾರಂತೆ, ಅದು ಮರಿ ಅಷ್ಟೇ, ನಾನೇ ತುಳಿದೆ ಅದಕ್ಕೇ ಕಚ್ಚಿತು, ಇವು ಯಾವುದನ್ನೂ ನಂಬಿ ಬಿಡುವ ಹಾಗಿಲ್ಲ. ಮರಿಗೂ ರೇಬೀಸ್ ಇರಬಹುದು.

ಒಂದು ಡೋಸ್ ತಪ್ಪಿದರೆ

ಹುಡುಗನ ಸೊನ್ನೆಯ ದಿನ 3ನೇ ತಾರೀಕು, ಮಂಗಳವಾರ. ಚರ್ಮದೊಳಗಿನ ವಿಧಾನ. ಕಾರ್ಡಿನಲ್ಲಿ 6, 10, 31 ಅಂತ ಬರೆದುಕೊಟ್ಟೆ. 6ಕ್ಕೆ ಸರಿಯಾಗಿ ಬಂದ. 10ಕ್ಕೆ ಬರಲಿಲ್ಲ. 12ನೇ ತಾರೀಕು ಮುಖ ಸಣ್ಣ ಮಾಡಿಕೊಂಡು ಬಂದು, "ಊರಿಗೆ ಹೋಗಿದ್ದೆ ಸಿಸ್ಟರ್. ಈಗ ಮೊದಲಿಂದ ಶುರು ಮಾಡ್ಬೇಕಾ?" ಅಂದ.

ಬೇಕಿಲ್ಲ. ತಪ್ಪಿದ್ದನ್ನು ನೆನಪಾದ ದಿನವೇ ಹಾಕಿಸಿಕೊಳ್ಳಬೇಕು, ಅಲ್ಲಿಂದ ಮುಂದಿನ ಅಂತರ ಮೊದಲಿನಷ್ಟೇ. ಏಳಕ್ಕೂ ಇಪ್ಪತ್ತೆಂಟಕ್ಕೂ ನಡುವೆ 21 ದಿನ. 12ರಿಂದ 21 ದಿನ ಎಣಿಸಿದರೆ ಮುಂದಿನ ತಿಂಗಳ 2ನೇ ತಾರೀಕು, ಗುರುವಾರ. 31 ಅನ್ನು ಹೊಡೆದುಹಾಕಿ ಅದನ್ನು ಬರೆದೆ. ತಪ್ಪಿಹೋಯಿತು ಅಂತ ಹೆದರಿ ಪೂರ್ತಿ ನಿಲ್ಲಿಸಿಬಿಡುವವರೂ ಇದ್ದಾರೆ. ಹಾಗೆ ಮಾಡಬೇಡಿ, ಬನ್ನಿ, ಯಾರೂ ಬೈಯುವುದಿಲ್ಲ. ಕಚ್ಚಿ ತಿಂಗಳಾದ ಮೇಲೆ ನೆನಪಾದರೂ ಬನ್ನಿ. ಇವತ್ತೇ ಕಚ್ಚಿದ ಹಾಗೆ ಚಿಕಿತ್ಸೆ ಶುರು ಮಾಡುತ್ತಾರೆ.

ಅವನಿಗೆ ಇನ್ನೊಂದು ಮಾತು ಹೇಳಿದೆ. ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಆ ಊರಲ್ಲೇ 10ನೇ ತಾರೀಕು ಹಾಕಿಸಿಕೊಳ್ಳಬಹುದಿತ್ತು. ಅಲ್ಲಿ ಬೇರೆ ಕಂಪನಿಯ ಲಸಿಕೆ ಇದ್ದರೂ ಪರವಾಗಿಲ್ಲ, ಬಿಟ್ಟುಬಿಡುವುದಕ್ಕಿಂತ ಅದು ಎಷ್ಟೋ ಮೇಲು. ತೋಳು ನೋವು, ಸ್ವಲ್ಪ ಜ್ವರ ಬರಬಹುದು, ಒಂದೆರಡು ದಿನದಲ್ಲಿ ಹೋಗುತ್ತದೆ. ಅದಕ್ಕಾಗಿ ಮುಂದಿನ ಡೋಸ್ ಬಿಡಬಾರದು.

2ನೇ ತಾರೀಕು ಬೆಳಿಗ್ಗೆ ರೂಮಿನ ಬಾಗಿಲು ತೆಗೆಯುವಾಗಲೇ ಅವನು ಹೊರಗೆ ಕೂತಿದ್ದ. ಎರಡು ತೋಳಿನಲ್ಲೂ ಗುಳ್ಳೆ ಚೆನ್ನಾಗಿ ಎದ್ದಿತು. ಕಾರ್ಡಿಗೆ ಸಹಿ ಹಾಕಿ ಅವನ ಕೈಗೆ ಕೊಟ್ಟೆ. "ಮುಗೀತಲ್ಲ, ಇನ್ನು ಇದ್ಯಾಕೆ?" ಅಂದ. ಮುಂದೆ ಯಾವತ್ತಾದರೂ ಮತ್ತೆ ನಾಯಿ ಕಚ್ಚಿದರೆ ಸೊನ್ನೆ ಮತ್ತು ಮೂರನೇ ದಿನ ಎರಡು ಸಲ ಲಸಿಕೆ ಸಾಕು, ಗಾಯಕ್ಕೆ ಹಾಕಿದ ಆ ನೋವಿನ ಇಂಜೆಕ್ಷನ್ ಬೇಕಾಗುವುದಿಲ್ಲ, ಆದರೆ ಹಿಂದೆ ಪೂರ್ತಿ ಹಾಕಿಸಿಕೊಂಡಿದ್ದೀಯ ಅನ್ನುವುದಕ್ಕೆ ಈ ಕಾರ್ಡೇ ಸಾಕ್ಷಿ ಅಂದೆ. ಅವನು ಅದನ್ನು ಅಲ್ಲೇ ಫೋಟೋ ತೆಗೆದು ಅಮ್ಮನಿಗೆ ಕಳಿಸಿ, ಮಡಚಿ ಪರ್ಸಿನಲ್ಲಿ ಇಟ್ಟುಕೊಂಡ.